ಸ್ಲೈಡಿಗೆಷ್ಟು ಜಾಗ, ಮುಖಕ್ಕೆಷ್ಟು?

ತರಗತಿಯ ಪಾಠವನ್ನು ರೆಕಾರ್ಡ್ ಮಾಡಿ ವಿದ್ಯಾರ್ಥಿಗಳಿಗೆ ಒದಗಿಸುವಾಗ ಪರದೆಯ ಒಂದು ಪಕ್ಕಕ್ಕೆ ಸ್ಲೈಡನ್ನೂ ಇನ್ನೊಂದು ಪಕ್ಕಕ್ಕೆ ಪಾಠ ಮಾಡುವವರ ಕ್ಯಾಮೆರಾ ಚಿತ್ರವನ್ನೂ, ಒಂದರ ಮೇಲೊಂದು ಬೀಳದಂತೆ ಇರಿಸುವ ಕ್ರಮವನ್ನು ಇಬ್ಭಾಗದ ವಿನ್ಯಾಸ ಎನ್ನಬಹುದು. ಸ್ಲೈಡಿನ ಮೂಲೆಯಲ್ಲಿ ಚಿಕ್ಕದೊಂದು ಕಿಟಕಿ ತೆರೆದು ಮುಖ ತೋರಿಸುವ ಕ್ರಮ ಇದಕ್ಕಿಂತ ಬೇರೆ. ಅಲ್ಲಿ ಆ ಕಿಟಕಿಯ ಹಿಂದೆ ಸ್ಲೈಡಿನ ಯಾವುದಾದರೊಂದು ಸಾಲು ಅಥವಾ ಚಿತ್ರದ ತುದಿ ಮುಚ್ಚಿಹೋಗುವುದುಂಟು. ಇಬ್ಭಾಗದಲ್ಲಿ ಯಾವುದೂ ಮುಚ್ಚುವುದಿಲ್ಲವೆಂಬ ಕಾರಣಕ್ಕೇ ಅದು ನಿರಪಾಯವೆಂದು ಬಹಳ ಮಂದಿ ನಂಬಿದ್ದಾರೆ. ಆದರೆ ಅದು ಮುಚ್ಚದಿದ್ದರೂ ಕುಗ್ಗಿಸುತ್ತದೆ, ಮತ್ತು ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ಲೆಕ್ಕಹಾಕದೆ ಅಳವಡಿಸಿಕೊಂಡಿರುವುದೇ ಈ ಪದ್ಧತಿಯ ಮುಖ್ಯ ದೋಷ.

ಲೆಕ್ಕ ಸರಳವಾದದ್ದು. ಈಗಿನ ವಿಡಿಯೊ ಚೌಕಟ್ಟು ಸಾಮಾನ್ಯವಾಗಿ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ್ದು. ಪಿಕ್ಸೆಲ್ ಎಂದರೆ ಪರದೆಯ ಚಿತ್ರ ಕೂಡಿಬರುವ ಒಂದೊಂದು ಬಿಂದು. ಸ್ಲೈಡುಗಳನ್ನೂ ಇದೇ 16:9 ಅನುಪಾತದಲ್ಲಿ, ಅಂದರೆ ಅಗಲ ಹದಿನಾರು ಪಾಲಾದರೆ ಎತ್ತರ ಒಂಬತ್ತು ಪಾಲಿರುವಂತೆ, ಸಿದ್ಧಪಡಿಸುವುದು ರೂಢಿ. ಪರದೆಯನ್ನು ಸರಿಯಾಗಿ ಅರ್ಧರ್ಧ ಹಂಚಿದರೆ ಸ್ಲೈಡಿಗೆ ಸಿಗುವ ಅಗಲ 960. ಅನುಪಾತ ಕೆಡದಿರಬೇಕಾದರೆ ಎತ್ತರವೂ 540ಕ್ಕೆ ಇಳಿಯಬೇಕಾಗಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದು, ಸ್ಲೈಡಿನ ಪಾಲಿಗೆ ಪರದೆಯ ಕಾಲುಭಾಗ ಮಾತ್ರ ದಕ್ಕುತ್ತದೆ. ಸ್ಲೈಡಿಗೆ ಮುಕ್ಕಾಲು ಅಗಲ ಕೊಟ್ಟರೂ ಎತ್ತರ 810ನ್ನು ಮೀರುವುದಿಲ್ಲ. ಅರ್ಧ ಪರದೆ ಕೊಟ್ಟೆವೆಂದುಕೊಂಡವರು ಕೊಟ್ಟಿದ್ದು ಕಾಲು. ಉಳಿದ ಕಾಲನ್ನು ಯಾರಿಗೂ ಕೊಡದೆ ಕತ್ತಲೆಗೆ ಬಿಟ್ಟಿದ್ದಾರೆ.

ಇದು ಅಕ್ಷರದ ಮೇಲೆ ಏನು ಮಾಡುತ್ತದೆ ಎಂಬುದು ಮೊಬೈಲಿನಲ್ಲಿ ನೋಡಿದಾಗ ಸ್ಪಷ್ಟವಾಗುತ್ತದೆ. ಆರೂವರೆ ಇಂಚಿನ ಮೊಬೈಲನ್ನು ಅಡ್ಡ ಹಿಡಿದರೆ ಅದರ ಪರದೆಯ ಎತ್ತರ ಏಳು ಸೆಂಟಿಮೀಟರಿಗೂ ತುಸು ಕಡಿಮೆ. ಏಳೂವರೆ ಇಂಚು ಎತ್ತರದ ಸ್ಲೈಡಿನಲ್ಲಿ 24 ಪಾಯಿಂಟ್ ಗಾತ್ರದಲ್ಲಿ ಬರೆದ ಸಾಲು, ಸ್ಲೈಡು ಪೂರ್ಣ ಪರದೆಯಲ್ಲಿದ್ದರೆ ಸುಮಾರು 3 ಮಿಲಿಮೀಟರಿನ ಅಳತೆಯಲ್ಲಿಯೂ, ಮುಕ್ಕಾಲು ಹಂಚಿಕೆಯಲ್ಲಿ ಎರಡೂಕಾಲು ಮಿಲಿಮೀಟರಿನಲ್ಲಿಯೂ, ಅರ್ಧರ್ಧ ಹಂಚಿಕೆಯಲ್ಲಿ ಒಂದೂವರೆ ಮಿಲಿಮೀಟರಿನಲ್ಲಿಯೂ ಕಾಣುತ್ತದೆ. ಈ ಅಳತೆ ಅಕ್ಷರದ ಒಡಲಿನದಲ್ಲ, ಮೇಲಿನ ಗುಣಿತ ಚಿಹ್ನೆ, ಕೆಳಗಿನ ಒತ್ತು ಎರಡಕ್ಕೂ ಜಾಗವನ್ನೊಳಗೊಂಡ ಇಡೀ ಸಾಲಿನದು ಎಂಬುದನ್ನು ನೆನಪಿಡಬೇಕು. ಕನ್ನಡ ಲಿಪಿಗೆ ಇಲ್ಲೊಂದು ವಿಶೇಷ ತೊಂದರೆಯೂ ಇದೆ: ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಣ ವ್ಯತ್ಯಾಸವೆಲ್ಲ ಅಕ್ಷರದ ಬುಡದ ಒಂದು ಸಣ್ಣ ಸೀಳಿನಲ್ಲಿಯೂ, ಪ ಮತ್ತು ಷ ಇವುಗಳದು ಒಳಗಿನ ಒಂದು ಗೆರೆಯಲ್ಲಿಯೂ ಅಡಗಿದೆ. ವಿದ್ಯಾರ್ಥಿ ಡೇಟಾ ಉಳಿಸಲೆಂದು 360 ಸಾಲಿನ ಕಡಿಮೆ ಸ್ಪಷ್ಟತೆಯಲ್ಲಿ ವಿಡಿಯೊ ನೋಡಿದನೆಂದರೆ ಅರ್ಧರ್ಧ ಹಂಚಿಕೆಯಲ್ಲಿ ಆ ಇಡೀ ಸಾಲಿಗೆ ಸಿಗುವ ಎತ್ತರ ಎಂಟೇ ಪಿಕ್ಸೆಲ್. ಆ ಸೀಳಿಗೆ ಒಂದು ಬಿಂದುವೂ ಉಳಿಯುವುದು ಕಷ್ಟ. ಹತ್ತನೇ ತರಗತಿಯ ನಿಮ್ನ ದರ್ಪಣದ ಪಾಠದಲ್ಲಿ ದೂರಗಳ ಧನ ಚಿಹ್ನೆ, ಋಣ ಚಿಹ್ನೆಗಳನ್ನು ವಿವರಿಸುವ ಸ್ಲೈಡು ಹೀಗೆ ಕುಗ್ಗಿದಾಗ ‘ಧನ’ವು ‘ದನ’ವಾಗಿ ಕಾಣುವುದು ನಗೆಯ ಮಾತಾದರೂ, ಅದೇ ಸ್ಲೈಡಿನ ಸೂತ್ರದಲ್ಲಿ ಋಣ ಚಿಹ್ನೆಯ ಅಡ್ಡಗೆರೆಯೇ ಮಾಯವಾದರೆ ಉತ್ತರವೇ ತಪ್ಪುತ್ತದೆ.

ಪರಿಹಾರ ಸಂಕಲನದ ಮೇಜಿನಲ್ಲಿಲ್ಲ, ಸ್ಲೈಡು ಸಿದ್ಧಪಡಿಸುವ ಹಂತದಲ್ಲಿದೆ. ಹಳತಾಯಿತೆಂದು ಕೈಬಿಟ್ಟ 4:3 ಅನುಪಾತದ ಸ್ಲೈಡು ಈ ವಿನ್ಯಾಸಕ್ಕೆ ಅಳೆದು ಹೊಲಿದಂತೆ ಹೊಂದುತ್ತದೆ. 1080 ಎತ್ತರವನ್ನು ಪೂರ್ತಿ ಬಳಸಿಕೊಂಡಾಗ ಅದರ ಅಗಲ 1440. ಉಳಿದ 480 ಅಗಲದ ಕಂಬ ಪಾಠ ಮಾಡುವವರಿಗೆ. ಎತ್ತರ ಒಂದಿಷ್ಟೂ ಕಡಿಮೆಯಾಗದ್ದರಿಂದ ಅಕ್ಷರ ಪೂರ್ಣ ಪರದೆಯಲ್ಲಿದ್ದಷ್ಟೇ ದೊಡ್ಡದಾಗಿರುತ್ತದೆ, ಕಪ್ಪು ಪಟ್ಟಿಯೂ ಬೀಳುವುದಿಲ್ಲ. ಸೋಲುವುದು ಅಗಲ ಮಾತ್ರ. ಸಾಲಿಗೆ ನಾಲ್ಕೈದು ಪದ ಬರೆಯುವವರಿಗೆ ಅದು ನಷ್ಟವೇ ಅಲ್ಲ. ಕ್ಯಾಮೆರಾವನ್ನೂ ಇದಕ್ಕೆ ತಕ್ಕಂತೆ ಲಂಬವಾಗಿ ನಿಲ್ಲಿಸಬೇಕು. ಅಡ್ಡ ಇಟ್ಟ ಕ್ಯಾಮೆರಾದ ಚಿತ್ರದಿಂದ 480ರ ಪಟ್ಟಿ ಕತ್ತರಿಸಿದರೆ ಮೂಲದ ಅಗಲದಲ್ಲಿ ಕಾಲುಪಾಲಷ್ಟೇ ಉಳಿದು, ಶಿಕ್ಷಕರು ಅರ್ಧ ಹೆಜ್ಜೆ ಸರಿದರೂ ಭುಜ ಚೌಕಟ್ಟಿನಿಂದ ಹೊರಬೀಳುತ್ತದೆ. ಲಂಬವಾಗಿ ತೆಗೆದ ಚಿತ್ರದಲ್ಲಾದರೆ ಸುಮಾರು ಐದನೆಯ ಒಂದು ಪಾಲು ಅಗಲ ಕತ್ತರಿಸಿದರೆ ಸಾಕು. ಅಡಿಬರಹ, ಅಂದರೆ ಮಾತನ್ನು ಪರದೆಯ ಕೆಳಗೆ ಅಕ್ಷರದಲ್ಲಿ ತೋರಿಸುವ ಸಾಲು, ಹಾಕುವುದಿದ್ದರೆ ಸ್ಲೈಡಿನ ಕೆಳಗಿನ ಹತ್ತನೆಯ ಒಂದು ಭಾಗವನ್ನು ಮೊದಲೇ ಖಾಲಿ ಬಿಟ್ಟಿರಬೇಕು.

ಇಷ್ಟೆಲ್ಲ ಮಾಡಿ ತೋರಿಸುವ ಮುಖದಿಂದ ಕಲಿಕೆಗೆ ಲಾಭವೇನು ಎಂಬ ಪ್ರಶ್ನೆ ಉಳಿಯುತ್ತದೆ. ಕಿಜಿಲ್ಸೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡುಗರ ಕಣ್ಣಿನ ಚಲನೆಯನ್ನು ಅಳೆದಾಗ, ಅವರು ಸುಮಾರು ಶೇಕಡಾ 41ರಷ್ಟು ಹೊತ್ತನ್ನು ಮುಖದ ಮೇಲೆಯೇ ಕಳೆದುದೂ, ಸರಾಸರಿ 3.7 ಸೆಕೆಂಡಿಗೊಮ್ಮೆ ಮುಖ ಮತ್ತು ಸ್ಲೈಡಿನ ನಡುವೆ ದೃಷ್ಟಿ ಓಡಾಡಿದುದೂ ಕಂಡುಬಂತು. ಹೆಚ್ಚಿನವರು ಮುಖವಿರುವ ಪಾಠವನ್ನೇ ಇಷ್ಟಪಟ್ಟರೂ ನೆನಪಿನಲ್ಲಿ ಉಳಿದದ್ದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಮುಖ ಇಬ್ಭಾಗದ್ದಲ್ಲ, ಸ್ಲೈಡಿನ ಮೇಲಿನ ಚಿಕ್ಕ ಕಿಟಕಿಯದು. ಮುಖ ದೊಡ್ಡದಾದರೆ ಅದರ ಸೆಳೆತ ಕಡಿಮೆಯಾದೀತೆಂದು ನಂಬಲು ಕಾರಣವಿಲ್ಲ. ಆದ್ದರಿಂದ ಇಬ್ಭಾಗದಲ್ಲಿ ಬೆಲೆ ಬರುವುದು ಮುಖಕ್ಕಲ್ಲ, ಸ್ಲೈಡಿನ ಕಡೆಗೆ ಕರೆದೊಯ್ಯುವ ಕೈ ಮತ್ತು ನೋಟಕ್ಕೆ.

ದುರದೃಷ್ಟವೆಂದರೆ ಈ ಪದ್ಧತಿ ಹೆಚ್ಚಾಗಿ ಎಡವುವುದೂ ಅಲ್ಲಿಯೇ. ನಿಮ್ನ ದರ್ಪಣದ ಪಾಠವನ್ನೇ ತೆಗೆದುಕೊಂಡರೆ, ಶಿಕ್ಷಕರು ಕೊಠಡಿಯ ಪರದೆಯ ಮೇಲೆ ಲೇಸರ್ ಕಡ್ಡಿಯ ಕೆಂಪು ಚುಕ್ಕೆಯಿಂದ ಪ್ರಧಾನ ಸಂಗಮವನ್ನು ತೋರಿಸಿ ‘ಕಿರಣ ಇಲ್ಲಿಂದ ಹೀಗೆ ಹೋಗುತ್ತದೆ’ ಎನ್ನುತ್ತಾರೆ. ಎದುರು ಕುಳಿತವರಿಗೆ ಅದು ಕಾಣುತ್ತದೆ. ಆದರೆ ವಿಡಿಯೊದ ಸ್ಲೈಡು ಕಂಪ್ಯೂಟರಿನಿಂದ ನೇರವಾಗಿ ಹಿಡಿದದ್ದಾದ್ದರಿಂದ ಆ ಚುಕ್ಕೆ ಅದರಲ್ಲಿ ಬರುವುದೇ ಇಲ್ಲ. ನೋಡುಗನಿಗೆ ಉಳಿಯುವುದು ಗಾಳಿಗೆ ಚಾಚಿದ ಕೈ ಮತ್ತು ವಿಳಾಸವಿಲ್ಲದ ‘ಇಲ್ಲಿ’. ಪವರ್‌ಪಾಯಿಂಟಿನಲ್ಲಿ Ctrl+L ಒತ್ತಿ ಮೌಸ್ ಬಾಣವನ್ನೇ ಕೆಂಪು ಚುಕ್ಕೆಯಾಗಿಸಿಕೊಂಡರೆ ತೋರಿಸಿದ್ದೆಲ್ಲ ಸ್ಲೈಡಿನ ಜತೆಗೇ ದಾಖಲಾಗುತ್ತದೆ. ನೋಟದ್ದೂ ಇದೇ ಕಥೆ. ಮುಖದ ಕಂಬ ಪರದೆಯ ಬಲಕ್ಕಿದ್ದಾಗ ಶಿಕ್ಷಕರ ದೃಷ್ಟಿ ನೋಡುಗನ ಎಡಕ್ಕೆ ಹೊರಳಬೇಕು. ಲ್ಯಾಪ್‌ಟಾಪ್ ತಪ್ಪು ಬದಿಗಿದ್ದರೆ ಅವರು ಪಾಠವಿಡೀ ಸ್ಲೈಡಿಗೆ ಬೆನ್ನು ಕೊಟ್ಟು ಚೌಕಟ್ಟಿನ ಹೊರಗಿನ ಯಾರಿಗೋ ಹೇಳುತ್ತಿರುವಂತೆ ಕಾಣುತ್ತದೆ. ಚಿತ್ರವನ್ನು ಎಡಬಲ ತಿರುಗಿಸಿ ಇದನ್ನು ಸರಿಪಡಿಸಹೊರಟರೆ ಹಿಂದಿನ ಹಲಗೆಯ ಬರಹ ತಲೆಕೆಳಗಾಗದಿದ್ದರೂ ಹಿಂದುಮುಂದಾಗುತ್ತದೆ. ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಆಚೆ ಬದಿಗೆ ಸರಿಸುವುದು ಅದಕ್ಕಿಂತ ಸುಲಭ.

ಎಲ್ಲ ಸರಿಯಿದ್ದರೂ ಒಂದೇ ಹಂಚಿಕೆಯನ್ನು ಐವತ್ತು ನಿಮಿಷವೂ ಹಿಡಿದಿಡುವುದು ಸಮರ್ಥನೀಯವಲ್ಲ. ಪೀಠಿಕೆಯ ಮಾತಿನಲ್ಲಿ ಸ್ಲೈಡಿನ ಮೇಲೆ ಶೀರ್ಷಿಕೆಯಷ್ಟೇ ಇರುವಾಗ ಮುಖಕ್ಕೆ ಇಡೀ ಪರದೆ ಸಲ್ಲಬಹುದು. ಅಗಲವಾದ ಕೋಷ್ಟಕವೋ ಉದ್ದ ಸಮೀಕರಣವೋ ಬಂದಾಗ ಮುಖ ಹಿಂದೆ ಸರಿಯಬೇಕು. ಓಬಿಎಸ್ ಸ್ಟುಡಿಯೊದಂತಹ ಉಚಿತ ತಂತ್ರಾಂಶದಲ್ಲಿ ಮೂರು ಹಂಚಿಕೆಗಳನ್ನು ಮೊದಲೇ ಸಿದ್ಧಪಡಿಸಿಕೊಂಡು ಒಂದೊಂದು ಕೀಲಿಗೆ ಜೋಡಿಸಿಟ್ಟರೆ ಪಾಠದ ನಡುವೆಯೇ ಬದಲಿಸಬಹುದು. ಇನ್ನು ಸ್ಲೈಡು, ಮುಖ ಎರಡನ್ನೂ ಬೇರೆಬೇರೆ ಧಾರೆಗಳಾಗಿಯೇ ಕಳಿಸಿ ಹಂಚಿಕೆಯನ್ನು ನೋಡುಗನ ಕೈಗೆ ಬಿಡುವ ಪೇಯೆಲ್ಲಾ ಪ್ಲೇಯರಿನಂತಹ ಸಾಧನಗಳಿವೆ. ಮೊಬೈಲಿನಲ್ಲಿ ನೋಡುವವನು ಮುಖವನ್ನು ಕಿರಿದುಗೊಳಿಸಿ ಸ್ಲೈಡನ್ನು ಹಿರಿದುಮಾಡಿಕೊಳ್ಳಬಹುದು. ಆದರೆ ಅದು ಸಂಸ್ಥೆಯ ಸ್ವಂತ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವ ಸಿಬ್ಬಂದಿಯನ್ನು ಬೇಡುತ್ತದೆ. ವಿದ್ಯಾರ್ಥಿಗಳಾದರೋ ಪಾಠವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಕಡತವಾಗಿ ಹಂಚಿಕೊಳ್ಳುತ್ತಾರೆ, ಮತ್ತು ಆ ಕಡತದೊಳಗೆ ಹಂಚಿಕೆ ಯಾರು ಹೇಗೆ ಕತ್ತರಿಸಿದರೋ ಹಾಗೆಯೇ ಉಳಿದಿರುತ್ತದೆ.