ಹುಡುಕದೆ ಸಿಕ್ಕ ಬಳ್ಳಿ

ನನ್ನ ತಮ್ಮ ಗಣಿತದ ಮೇಷ್ಟ್ರು, ನನಗೆ ಪದಗಳ ಹುಚ್ಚು. ಈ ವಾರ ಇಬ್ಬರೂ ‘ಸೆರೆಂಡಿಪಿಟಿ’ ಎಂಬ ಪದಕ್ಕೆ ಗಂಟುಬಿದ್ದೆವು.

‘ಹಳೆಯ ಗೆಳೆಯ ಬಸ್ಸಿನಲ್ಲಿ ಅಚಾನಕ್ಕಾಗಿ ಸಿಕ್ಕರೆ ಅದೇ ಅಲ್ವೇನಕ್ಕಾ?’ ಎಂದ.

‘ಅಲ್ಲ ಕಣೋ, ಅದು ಬರೀ ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಅಷ್ಟೆ.’

‘ಹಾಗಾದರೆ ಹುಡುಕುವ ಬಳ್ಳಿ ಕಾಲಿಗೆ ತೊಡರಿದ ಹಾಗೆ ಅನ್ನೋಣವೇ?’

ಅದೂ ಪೂರ್ತಿ ಹೊಂದುವುದಿಲ್ಲ. ಆ ಗಾದೆಯಲ್ಲಿ ಬಳ್ಳಿಯನ್ನು ಹುಡುಕುತ್ತಿರುತ್ತೇವೆ, ಸೆರೆಂಡಿಪಿಟಿಯಲ್ಲಿ ಹಾಗಲ್ಲ. 1754ರ ಜನವರಿಯಲ್ಲಿ ಇಂಗ್ಲೆಂಡಿನ ಲೇಖಕ ಹೊರೇಸ್ ವಾಲ್‌ಪೋಲ್ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಪದವನ್ನು ಕಟ್ಟಿದ. ಸೆರೆಂಡಿಪ್ ಎಂದರೆ ಸಿಂಹಳ, ಇಂದಿನ ಶ್ರೀಲಂಕಾ. ಅಲ್ಲಿನ ಮೂವರು ರಾಜಕುಮಾರರ ಕಥೆಯನ್ನು ನೆನೆದು, ಅವರು ಹುಡುಕದೇ ಇದ್ದುದನ್ನು ಆಕಸ್ಮಿಕದಿಂದಲೂ ಚುರುಕುಬುದ್ಧಿಯಿಂದಲೂ ಕಂಡುಕೊಳ್ಳುತ್ತಿದ್ದರು ಎಂದು ವಿವರಿಸಿದ. ದಾರಿಯ ಒಂದೇ ಬದಿಯ ಹುಲ್ಲು ಮೇಯ್ದಿರುವುದನ್ನು ಕಂಡು, ಮುಂದೆ ಹೋದ ಪ್ರಾಣಿಗೆ ಒಂದು ಕಣ್ಣಿಲ್ಲ ಎಂದು ತಿಳಿಯುವವರು ಅವರು. ನಾವು ಪದವನ್ನು ಬಳಸುವಾಗ ಆಕಸ್ಮಿಕವನ್ನು ಇಟ್ಟುಕೊಂಡು ಬುದ್ಧಿಯನ್ನು ಬಿಟ್ಟಿದ್ದೇವೆ. ನನ್ನ ತಕರಾರು ಅದಕ್ಕೆ.

‘ಹಾಗಿದ್ದರೆ ನನ್ನ ಹತ್ತಿರ ಒಂದು ಭೇಟಿ ಇದೆ’ ಎಂದು ತಮ್ಮ ಶುರುಮಾಡಿದ.

1972. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಗುಟ್ಟು ಝೀಟಾ ಫಲನದ ಶೂನ್ಯಗಳಲ್ಲಿದೆ. ಆ ಶೂನ್ಯಗಳ ನಡುವಿನ ಅಂತರ ಹೇಗಿರುತ್ತದೆ ಎಂಬುದಕ್ಕೆ ಹ್ಯೂ ಮಾಂಟ್‌ಗೊಮೆರಿ ಎಂಬ ತರುಣ ಒಂದು ಸೂತ್ರ ಊಹಿಸಿದ್ದ. ಅದನ್ನು ಸೆಲ್‌ಬರ್ಗ್ ಎಂಬ ಹಿರಿಯ ಗಣಿತಜ್ಞರಿಗೆ ತೋರಿಸಲು ಅಮೆರಿಕದ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ಬಂದಿದ್ದ. ಚಹಾದ ಹೊತ್ತಿಗೆ ನಮ್ಮ ಗಣಿತಜ್ಞ ಸರ್ವದಮನ್ ಚೌಲಾ ಅವನನ್ನು ಭೌತವಿಜ್ಞಾನಿ ಫ್ರೀಮನ್ ಡೈಸನ್‌ಗೆ ಪರಿಚಯಿಸುತ್ತೇನೆಂದರು. ಹುಡುಗ ಬೇಡವೆಂದರೂ ಬಿಡಲಿಲ್ಲ. ಏನು ಮಾಡುತ್ತಿದ್ದೀಯ ಎಂದು ಡೈಸನ್ ಕೇಳಿದರು, ಅವನು ಸೂತ್ರ ಹೇಳಿದ. ಡೈಸನ್ ಗುರುತು ಹಿಡಿದರು. ಯುರೇನಿಯಂನಂಥ ಭಾರದ ಪರಮಾಣು ಬೀಜಗಳ ಶಕ್ತಿಮಟ್ಟಗಳ ಅಂತರವನ್ನು ಅರಿಯಲು ಭೌತವಿಜ್ಞಾನಿಗಳು ಬಳಸುತ್ತಿದ್ದ ಸೂತ್ರವೂ ಅದೇ!

‘ಇದರಲ್ಲಿ ಬುದ್ಧಿ ಯಾರದ್ದು?’ ಎಂದೆ.

‘ಡೈಸನ್‌ದು. ಅದಕ್ಕೆ ಹತ್ತು ವರ್ಷ ಮೊದಲು ಅವರೇ ಆ ಮಟ್ಟಗಳ ಗಣಿತದಲ್ಲಿ ಮುಳುಗಿದ್ದರು. ನಮ್ಮ ದೇಶದ ಮದನ್ ಲಾಲ್ ಮೆಹ್ತಾ ಕೂಡ ಜೊತೆಗಿದ್ದರು.’

‘ಚೌಲಾ ಅವರದ್ದು?’

‘ಅವರದ್ದು ಹಟ. ಆಕಸ್ಮಿಕದ ಪಾಲು ಅವರದ್ದೇ.’

ನನಗೆ ಒಪ್ಪಿಗೆಯಾಯಿತು. ಆ ದಿನ ಚಹಾ ಕುಡಿಯುತ್ತಿದ್ದವರು ಬೇರೆ ಯಾರಾದರೂ ಆಗಿದ್ದರೆ ಅದು ಬರೀ ಪರಿಚಯವಾಗಿ ಮುಗಿಯುತ್ತಿತ್ತು. ಹುಡುಗ ಬಂದದ್ದು ಸೆಲ್‌ಬರ್ಗ್‌ರಿಗಾಗಿ, ಭೌತವಿಜ್ಞಾನಕ್ಕಾಗಿ ಅಲ್ಲ. ವಾಲ್‌ಪೋಲ್ ಹೇಳಿದ ಮೂರೂ ಇಲ್ಲಿವೆ.

ಮುಂದೆ 1980ರ ದಶಕದಲ್ಲಿ ಗಣಿತಜ್ಞ ಆಂಡ್ರ್ಯೂ ಓಡ್ಲಿಜ್ಕೊ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಅಪಾರ ಶೂನ್ಯಗಳೂ ಆ ಸೂತ್ರಕ್ಕೆ ಹೊಂದಿದವು. ಆದರೆ ಎರಡು ಲೋಕಗಳಲ್ಲೂ ಅದೇ ಸೂತ್ರ ಏಕೆ ಬರುತ್ತದೆ ಎಂಬುದಕ್ಕೆ ಪೂರ್ಣ ರುಜುವಾತು ಇನ್ನೂ ಸಿಕ್ಕಿಲ್ಲ.