ಕಾಂಜಿಯ ಮೇಲಿನ ಬಿಳಿ ಪೊರೆ

ಕಾಂಜಿ ಹಾಕಿ ನಾಲ್ಕೈದು ದಿನವಾದ ಮೇಲೆ ಬಟ್ಟೆ ಬಿಚ್ಚಿ ನೋಡಿದರೆ ಕೆಂಪು ನೀರಿನ ಮೇಲೆ ಬಿಳಿಯದೇನೋ ಕಟ್ಟಿರುತ್ತದೆ. ಕೆಲವರು ಹೆದರಿ ಅಷ್ಟನ್ನೂ ಸಿಂಕಿಗೆ ಸುರಿಯುತ್ತಾರೆ. ಇನ್ನು ಕೆಲವರು ಏನೂ ಆಗದವರಂತೆ ತಿರುವಿ ಕುಡಿಯುತ್ತಾರೆ. ಇಬ್ಬರೂ ಆ ಬಿಳಿಯನ್ನು ಸರಿಯಾಗಿ ನೋಡಿದವರಲ್ಲ.

ಉತ್ತರ ಭಾರತದಲ್ಲಿ ಹೋಳಿಯ ಹೊತ್ತಿಗೆ ಕಪ್ಪು ಗಜ್ಜರಿಯಿಂದ ಮಾಡುವ ಹುಳಿನೀರು ಈ ಕಾಂಜಿ. ನಮ್ಮ ಮಾರುಕಟ್ಟೆಗಳಲ್ಲಿ ಆ ಗಜ್ಜರಿ ಅಪರೂಪ, ಹಾಗಾಗಿ ಮಾಮೂಲಿ ಕ್ಯಾರೆಟ್ಟಿಗೆ ಒಂದು ಬೀಟ್ರೂಟ್ ಸೇರಿಸುತ್ತೇವೆ. ಕುದಿಸಿ ಆರಿಸಿದ 2 ಲೀಟರ್ ನೀರಿಗೆ 300 ಗ್ರಾಂ ಕ್ಯಾರೆಟ್, ಬೀಟ್ರೂಟ್, 40 ಗ್ರಾಂ ಉಪ್ಪು, ತರಿತರಿಯಾಗಿ ಪುಡಿ ಮಾಡಿದ ಸಾಸಿವೆ ಮೂರು ಚಮಚ. ಅಷ್ಟು ಸಾಸಿವೆ ಯಾಕೆಂದು ಕೇಳುವವರಿದ್ದಾರೆ. ಅದರ ಘಾಟು ಬರೀ ರುಚಿಗಲ್ಲ, ಬೂಷ್ಟನ್ನೂ ಯೀಸ್ಟನ್ನೂ ಹದ್ದುಬಸ್ತಿನಲ್ಲಿಡುವುದೂ ಅದೇ. ಕಡಿಮೆ ಖಾರ ಸಾಕೆಂದು ಸಾಸಿವೆ ಕಡಿತ ಮಾಡುವ ಮನೆಗಳಲ್ಲಿ ಪೊರೆಯ ದೂರು ಹೆಚ್ಚು.

ಮೊದಲ ಎರಡು ಮೂರು ದಿನ ಮೇಲೆ ಕಾಣುವುದು ನೊರೆ, ಜೊತೆಗೆ ತೇಲುವ ಸಾಸಿವೆ ತರಿ. ತಿರುವಿದರೆ ಎರಡೂ ಚದುರುತ್ತವೆ, ಚಿಂತೆಯಿಲ್ಲ. ಆಮೇಲೆ ಬರುವುದೇ ನಿಜವಾದ ಪೊರೆ, ಅದರ ಹೆಸರು ಕಾಮ್ ಯೀಸ್ಟ್. ಗಾಳಿ ಸಿಗುವ ನೀರಿನ ಮೈಮೇಲೆ ಮಾತ್ರ ಹರಡುವ ಹಲವು ಕಾಡು ಯೀಸ್ಟ್‌ಗಳಿಗೆ ಸೇರಿ ಇಟ್ಟ ಹೆಸರು ಅದು. ಬಿಸಿಲು ಜೋರಾಗಿ ಉಪ್ಪು ಕಡಿಮೆಯಾದರೆ ಬೇಗ ಬರುತ್ತದೆ.

ಭರಣಿಯನ್ನು ಕಿಟಕಿಯ ಬಳಿ ಇಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ, ಸ್ವಲ್ಪ ವಾಲಿಸಿ ನೋಡಿ. ಕಾಮ್ ಆದರೆ ಕಾಯಿಸಿದ ಹಾಲಿನ ಕೆನೆಯಂತೆ ನೆರಿಗೆ ಬೀಳುತ್ತದೆ. ಮೈಯೆಲ್ಲ ಒಂದೇ ಮಟ್ಟ, ಮಾಸಲು ಬಿಳಿ, ರೋಮವಿಲ್ಲ. ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು ಅಲ್ಲಲ್ಲಿ ಉಬ್ಬಿರಬಹುದು. ಬೂಷ್ಟು ಹಾಗಲ್ಲ. ಅದು ಚುಕ್ಕೆಯಾಗಿ ಶುರುವಾಗಿ ದುಂಡಗೆ ಬೆಳೆಯುತ್ತದೆ, ನೀರಿನಿಂದ ಮೇಲೆದ್ದು ಒಣಗಿದ ಹತ್ತಿಯಂತಿರುತ್ತದೆ, ಹೆಚ್ಚಾಗಿ ತೇಲುವ ಕ್ಯಾರೆಟ್ ತುಂಡಿನ ತಲೆಯ ಮೇಲೆ. ಬಣ್ಣವನ್ನೇ ನಂಬಬೇಡಿ. ಎಳೆಯ ಬೂಷ್ಟೂ ಬಿಳಿಯೇ, ಹಸಿರು, ನೀಲಿ, ಕಪ್ಪು ಆಮೇಲಿನ ಮಾತು. ಬೀಟ್ರೂಟಿನ ನೀರಿನಲ್ಲಿ ಪೊರೆಗೆ ನಸುಗೆಂಪು ಹತ್ತುವುದು ಸಹಜ, ಆದರೆ ಬೀಟ್ರೂಟೇ ಇಲ್ಲದ ಭರಣಿಯಲ್ಲಿ ಗುಲಾಬಿ ಬಣ್ಣ ಕಂಡರೆ ಚೆಲ್ಲುವುದೇ ಸರಿ.

ಕಾಮ್ ನಿರಪಾಯಕಾರಿ ಎಂದರೆ ಅದನ್ನು ಹಾಗೇ ಬಿಡಬಹುದು ಎಂದಲ್ಲ. ಕಾಂಜಿಯನ್ನು ಕಾಯುವುದು ಅದರ ಹುಳಿ, ಅಂದರೆ ಲ್ಯಾಕ್ಟಿಕ್ ಆಮ್ಲ. ಆ ಆಮ್ಲವನ್ನೇ ಈ ಯೀಸ್ಟ್ ತಿಂದು ಬದುಕುತ್ತದೆ. ವಾರಗಟ್ಟಲೆ ಬಿಟ್ಟರೆ ಹುಳಿ ಇಳಿದು, ಹಳಸಲು ಚೀಸಿನ ವಾಸನೆ ಬಂದು, ಬೂಷ್ಟಿಗೂ ಬೇರೆ ಕ್ರಿಮಿಗಳಿಗೂ ದಾರಿಯಾಗುತ್ತದೆ. ಕಂಡ ದಿನವೇ ಚಮಚದಿಂದ ಎತ್ತಿ ಹಾಕಿ, ಭರಣಿಯ ಕುತ್ತಿಗೆಯನ್ನು ಸ್ವಚ್ಛ ಬಟ್ಟೆಯಿಂದ ಒರೆಸಿ, ರುಚಿ ಚೆನ್ನಾಗಿ ಹುಳಿಯಾಗಿದ್ದರೆ ಫ್ರಿಜ್ಜಿಗೆ ಸೇರಿಸಿ. ಆಮ್ಲ ಅಳೆಯುವ ಕಾಗದದ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು, ಬೀಟ್ರೂಟಿನ ಕೆಂಪು ಹತ್ತಿ ಓದಲಾಗುವುದಿಲ್ಲ. ಪಿಎಚ್ ಮೀಟರ್ ಇದ್ದವರು 4ಕ್ಕಿಂತ ಕೆಳಗಿದೆಯೇ ಎಂದು ನೋಡಿಕೊಳ್ಳಲಿ.

ಬೂಷ್ಟಿಗೆ ಈ ಉಪಚಾರ ನಡೆಯದು. ಮೇಲೆ ಕಂಡಿದ್ದನ್ನು ತೆಗೆದರೂ ಅದರ ಎಳೆಗಳು ತುಂಡಿನೊಳಗೆ ಇಳಿದಿರುತ್ತವೆ, ಕೆಲವು ಜಾತಿ ಬಿಡುವ ವಿಷ ನೀರಿನಲ್ಲೂ ಸೇರಿರಬಹುದು. ಮಿಡಿ ಉಪ್ಪಿನಕಾಯಿಯ ಮೇಲಿನ ಬೂಷ್ಟನ್ನು ತೆಗೆದು ಬಡಿಸಿದ ಹಿರಿಯರ ಧೈರ್ಯವನ್ನು ಇಲ್ಲಿ ತರಬೇಡಿ. ಅಲ್ಲಿ ಉಪ್ಪು ಇದರ ಎಷ್ಟೋ ಪಟ್ಟು ಹೆಚ್ಚು, ಆದರೂ ಆ ಧೈರ್ಯ ನನಗೆ ಒಪ್ಪಿಗೆಯಿಲ್ಲ.

ಕೊಂಬುಚಾ ಮಾಡುವವರಿಗೆ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಪೊರೆ ಬರಲೇಬೇಕು. ಅದು ಬ್ಯಾಕ್ಟೀರಿಯಾ ನೇಯುವ ಸೆಲ್ಯುಲೋಸ್, ಮೊದಲು ಪಾರದರ್ಶಕ, ಆಮೇಲೆ ಒದ್ದೆಯಾಗಿ ಹೊಳೆಯುವ ಬಿಳಿ. ಕೆಳಗೆ ಜೋತುಬೀಳುವ ಕಂದು ಎಳೆಗಳು ಯೀಸ್ಟ್, ಅವೂ ಸರಿಯೇ. ಬೂಷ್ಟು ಬಂದರೆ ಪೊರೆಯ ಮೇಲ್ಮೈಯಲ್ಲೇ ಬರುತ್ತದೆ, ಒಣಗಿ ರೋಮರೋಮವಾಗಿ. ನೀರಿನೊಳಗೆ ಮುಳುಗಿರುವುದು ಬೂಷ್ಟಲ್ಲ. ಹೆಚ್ಚಿನ ಸಲ ಕಾರಣ ಒಂದೇ: ಹಳೆಯ ಹುಳಿ ಕೊಂಬುಚಾ ಸಾಕಷ್ಟು ಹಾಕದಿರುವುದು. ಲೀಟರಿಗೆ 100 ಮಿಲಿಯಾದರೂ ಬೇಕು, ಅದನ್ನೂ ಕೊನೆಗೆ ಮೇಲಿಂದ ಸುರಿದರೆ ಮೇಲ್ಮೈ ಮೊದಲೇ ಹುಳಿಯಾಗಿರುತ್ತದೆ. ಬೂಷ್ಟು ಬಂದ ತಾಯಿಪೊರೆಯನ್ನು ತೊಳೆದು ಮತ್ತೆ ಬಳಸುವಂತಿಲ್ಲ, ದ್ರವದ ಜೊತೆ ಅದೂ ಹೊರಗೆ ಹೋಗಬೇಕು.

ಇನ್ನು ಕಾಂಜಿಯಲ್ಲಿ ಬೂಷ್ಟು ಬಾರದಿರಲು ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಿ, ತುಂಡುಗಳನ್ನು ನೀರಿನೊಳಕ್ಕೆ ಒತ್ತಿ. ತೇಲುವ ತುಂಡುಗಳ ಮೇಲೆ ಕೂರುವ ಬೀಜಕಣಗಳು ಗಾಳಿ ತಾಗುವ ಜಾಗ ಸಿಗದೆ ಬೆಳೆಯುವುದಿಲ್ಲ.