ಹುಟ್ಟುಹಬ್ಬಕ್ಕೊಮ್ಮೆ ಇಳಿಯುವ ಷೇರು

ಕಳೆದ ತಿಂಗಳು ನನ್ನ ತಂಗಿಗೆ 41 ತುಂಬಿತು. ಮರುವಾರ ಅವಳು ಮೊಬೈಲ್ ಹಿಡಿದು ಬಂದಳು. "ಅಣ್ಣಾ, ನೋಡೋ, ನಾನೇನೂ ಮಾಡಿಲ್ಲ, ಷೇರು ಮಾರಿಬಿಟ್ಟಿದಾರೆ." ಅವಳ ಎನ್‌ಪಿಎಸ್ ಖಾತೆಯಲ್ಲಿ ಒಂದಷ್ಟು ಷೇರಿನ ಯೂನಿಟ್‌ಗಳು ಮಾರಾಟವಾಗಿ, ಆ ದುಡ್ಡು ಸರ್ಕಾರಿ ಸಾಲಪತ್ರಕ್ಕೆ ಹೋಗಿತ್ತು. ಖಾತೆ ತೆರೆದ ದಿನ ಅವಳು 'ಆಟೋ ಚಾಯ್ಸ್' ಎಂದು ಒಪ್ಪಿಕೊಂಡಿದ್ದಳು. ಆ ಒಪ್ಪಿಗೆ ಪ್ರತಿ ಹುಟ್ಟುಹಬ್ಬಕ್ಕೂ ತನ್ನ ಕೆಲಸ ಮಾಡುತ್ತದೆ.

2009ರಲ್ಲಿ ಎಲ್ಲ ನಾಗರಿಕರಿಗೂ ತೆರೆದುಕೊಂಡ ಈ ಯೋಜನೆಯ ಮೇಲೆ ಸರ್ಕಾರದ ನಿಯಂತ್ರಣವಿದೆ, ಆದರೆ ಇಷ್ಟೇ ಬಡ್ಡಿ ಎಂಬ ಭರವಸೆ ಇಲ್ಲ. ದುಡ್ಡು ಎಲ್ಲಿ ಬೆಳೆಯಬೇಕೆಂದು ನಾವು ಹೇಳದಿದ್ದರೆ ಎಲ್‌ಸಿ 50 ಎಂಬ ಪಟ್ಟಿ ಹೇಳುತ್ತದೆ. 35 ವರ್ಷದವರೆಗೆ ಅರ್ಧದಷ್ಟು ಷೇರು, ಶೇ 30 ಕಂಪನಿ ಸಾಲಪತ್ರ, ಶೇ 20 ಸರ್ಕಾರಿ ಸಾಲಪತ್ರ. ಆಮೇಲೆ ವರ್ಷಕ್ಕೆ ಷೇರು ಶೇ 2ರಂತೆ ಇಳಿಯುತ್ತ 40ಕ್ಕೆ ಶೇ 40, 50ಕ್ಕೆ ಶೇ 20, 55ಕ್ಕೆ ಶೇ 10. ಅಷ್ಟು ಹೊತ್ತಿಗೆ ಶೇ 80ರಷ್ಟು ಹಣ ಸರ್ಕಾರಿ ಸಾಲಪತ್ರದಲ್ಲಿರುತ್ತದೆ.

ಈ ಯಂತ್ರದ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. 40ರಲ್ಲಿ ಒಬ್ಬರ ಖಾತೆಯಲ್ಲಿ 10 ಲಕ್ಷ ಇದೆ, ಅದರಲ್ಲಿ ಷೇರು 4 ಲಕ್ಷ ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಉಳಿದ 6 ಲಕ್ಷ ಹಾಗೇ ಇರಲಿ. ಷೇರುಪೇಟೆ ಏರಿ ಆ 4 ಲಕ್ಷ 5 ಆದರೆ ಒಟ್ಟು 11 ಲಕ್ಷ. 41ಕ್ಕೆ ಷೇರು ಶೇ 38 ಇರಬೇಕು, ಅಂದರೆ 4.18 ಲಕ್ಷ. ಹಾಗಾಗಿ 82,000 ರೂಪಾಯಿಯ ಷೇರು ಮಾರಾಟವಾಗುತ್ತದೆ. ಅದೇ ಪೇಟೆ ಕುಸಿದು 4 ಲಕ್ಷ 2.8 ಆದರೆ ಒಟ್ಟು 8.8 ಲಕ್ಷ, ಅದರ ಶೇ 38 ಎಂದರೆ ಸುಮಾರು 3.34 ಲಕ್ಷ. ಈಗ ಯಂತ್ರ 54,000 ರೂಪಾಯಿಯಷ್ಟು ಷೇರನ್ನು *ಕೊಳ್ಳುತ್ತದೆ*. ಎಲ್ಲರೂ ಹೆದರಿ ಓಡುವಾಗ ಅಗ್ಗಕ್ಕೆ ಕೊಳ್ಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಈ ಶಿಸ್ತಿಗಾಗಿಯೇ ನಾನು ಆಟೋ ಚಾಯ್ಸ್ ಪರ.

ನನ್ನ ತಕರಾರು ಇಳಿಜಾರಿನ ಬಗ್ಗೆ. 30ರಿಂದ 60ರವರೆಗೆ ವರ್ಷಕ್ಕೆ 60,000 ಕಟ್ಟಿ, ಶೇ 9ರ ದರದಲ್ಲಿ ಬೆಳೆದರೆ 50ನೇ ವಯಸ್ಸಿಗೆ ಸುಮಾರು 31 ಲಕ್ಷ, 60ಕ್ಕೆ ಸುಮಾರು 82 ಲಕ್ಷ. ಕೊನೆಯ ಹತ್ತು ವರ್ಷದಲ್ಲಿ ಕೂಡುವ 51 ಲಕ್ಷದಲ್ಲಿ ನಾವು ಕಟ್ಟಿದ್ದು 6 ಲಕ್ಷ ಮಾತ್ರ, ಮಿಕ್ಕಿದ್ದೆಲ್ಲ ಬೆಳವಣಿಗೆ. ಆ ದಶಕದಲ್ಲೇ ಎಲ್‌ಸಿ 50 ಷೇರನ್ನು ಶೇ 20ರಿಂದ ಶೇ 10ಕ್ಕೆ ಇಳಿಸುತ್ತದೆ. ಹಾಗಿರುವಾಗ ಆ ಶೇ 9ರ ದರ ಬರುವುದಾದರೂ ಎಲ್ಲಿಂದ? ದುಡ್ಡು ಕಡಿಮೆ ಇದ್ದಾಗ ಷೇರು ಹೆಚ್ಚು, ದುಡ್ಡು ಕೂಡಿದಾಗ ಷೇರು ಇಲ್ಲವೆನ್ನುವಷ್ಟು ಕಡಿಮೆ. 32ಕ್ಕೆ ಸೇರಿದವರಿಗಂತೂ ಶೇ 50ರ ಕಾಲ ಮೂರೇ ವರ್ಷ.

ಇದಕ್ಕೊಂದು ಎದುರುಮಾತಿದೆ, ಅದನ್ನು ತಳ್ಳಿಹಾಕಲಾಗದು. 59ರಲ್ಲಿ 75 ಲಕ್ಷ ಇದ್ದು ಪೇಟೆ ಶೇ 40 ಬಿದ್ದರೆ, ಷೇರು ಶೇ 10 ಇದ್ದವರು 3 ಲಕ್ಷ ಕಳೆದುಕೊಳ್ಳುತ್ತಾರೆ, ಶೇ 35 ಇದ್ದವರು 10.5 ಲಕ್ಷ. ಮರುವರ್ಷವೇ ಮನೆ ಕಟ್ಟಲು ಆ ದುಡ್ಡು ಬೇಕಾದವರಿಗೆ ಇದು ಸಣ್ಣ ಮಾತಲ್ಲ. ಆದರೆ 60ಕ್ಕೇ ಎಲ್ಲವನ್ನೂ ತೆಗೆಯಬೇಕೆಂಬ ಕಡ್ಡಾಯವಿಲ್ಲ, ಖಾತೆಯನ್ನು ಮುಂದುವರಿಸಬಹುದು. ಸಾಲಪತ್ರವೂ ಅಲುಗಾಡದ ಕಲ್ಲಲ್ಲ. ಇಲ್ಲಿ ಕೊಳ್ಳುವುದು ಬಹುತೇಕ ದೀರ್ಘಾವಧಿಯ ಪತ್ರಗಳನ್ನು. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ ರೆಪೊ ದರವನ್ನು ಶೇ 4ರಿಂದ ಏರಿಸುತ್ತ ಹೋದಾಗ ಹಳೆಯ ಪತ್ರಗಳ ಬೆಲೆ ಇಳಿಯಿತು. ಶೇ 80ರ ಭಾಗ ಅಲ್ಲಿರುವಾಗ ಆ ಇಳಿತವೂ ಖಾತೆಯಲ್ಲಿ ಕಾಣುತ್ತದೆ.

2024ರಲ್ಲಿ ಬಂದ 'ಬ್ಯಾಲೆನ್ಸ್ಡ್ ಲೈಫ್ ಸೈಕಲ್' ಆಯ್ಕೆ ಈ ತಪ್ಪನ್ನು ತಿದ್ದಿದೆ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಷೇರು 45ರವರೆಗೆ ಶೇ 50ರಲ್ಲೇ ನಿಂತು, 55ಕ್ಕೆ ಶೇ 35 ಆಗುತ್ತದೆ. ಆದರೆ ಅದು ತಾನಾಗಿ ಸಿಗದು, ಕೇಳಿ ಪಡೆಯಬೇಕು. ಏನೂ ಹೇಳದವರಿಗೆ ಹಳೆಯ ಎಲ್‌ಸಿ 50 ಪಟ್ಟಿಯೇ ಗತಿ. ಏನೂ ಹೇಳದವರೇ ಹೆಚ್ಚಾಗಿರುವಲ್ಲಿ ಈ ಕೊರತೆ ನನಗೆ ದೊಡ್ಡದಾಗಿಯೇ ಕಾಣುತ್ತದೆ.

ಯಾವ ಪಟ್ಟಿಗೂ ತಿಳಿಯದ ಇನ್ನೊಂದು ವಿಷಯವಿದೆ. ಪಟ್ಟಿ ನೋಡುವುದು ಜನ್ಮದಿನಾಂಕವನ್ನು ಮಾತ್ರ, ಮನೆಯ ಉಳಿದ ಗಂಟನ್ನಲ್ಲ. ತಂಗಿಯ ಪಿಎಫ್‌ನಲ್ಲಿ ಇರುವುದು ಬಹುಪಾಲು ಸಾಲಪತ್ರವೇ. ಅತ್ತೆ ಅವಳ ಹೆಸರಿನಲ್ಲಿಟ್ಟಿರುವ ಎಫ್‌ಡಿ ಬೇರೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿದಾಗ ಅವಳ ಒಟ್ಟು ಉಳಿತಾಯದಲ್ಲಿ ಷೇರು ಶೇ 12 ದಾಟಲಿಲ್ಲ. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಅವಳು ಮೊಬೈಲಿನಲ್ಲಿ ಆಯ್ಕೆ ಬದಲಿಸುವ ಪುಟ ತೆರೆದಳು.